ಒಂದು ಕಣ್ಣಿಗೆ ನೋವಿಲ್ಲದೆ ಪರದೆ ಬಿದ್ದಾಗ: ಮೊದಲ ಕೆಲವು ಗಂಟೆಗಳಲ್ಲಿ ಏನು ಮಾಡಬೇಕು?

ಕಣ್ಣು ಕೆಂಪಾಗಿಲ್ಲ, ನೀರು ಸುರಿಯುತ್ತಿಲ್ಲ, ಸ್ವಲ್ಪವೂ ನೋವಿಲ್ಲ. ಆದರೂ ಒಂದು ಕಣ್ಣಿನ ನೋಟದ ಅಂಚಿನಲ್ಲಿ ಕಪ್ಪು ಅಥವಾ ಬೂದು ಬಣ್ಣದ ಪರದೆಯಂಥದ್ದೊಂದು ಕಾಣಿಸಿಕೊಂಡು ನಿಧಾನವಾಗಿ ಹರಡುತ್ತಿದೆ. ಇಲ್ಲವೇ ಕೆಲವೇ ಕ್ಷಣಗಳಲ್ಲಿ ಆ ಕಣ್ಣು ಪೂರ್ತಿ ಕತ್ತಲಾಗಿದೆ. ಇಂಥ ಸಮಯದಲ್ಲಿ ಹೆಚ್ಚಿನವರು ನಿದ್ದೆಗೆಟ್ಟದ್ದರಿಂದ ಹೀಗಾಗಿರಬೇಕು, ಕನ್ನಡಕ ಬದಲಿಸಬೇಕಾಗಿರಬಹುದು ಎಂದುಕೊಂಡು ಬೆಳಗಿನವರೆಗೆ ಕಾಯುತ್ತಾರೆ. ಹಾಗೆ ಕಾಯುವಂತೆ ಮಾಡುವುದು ನೋವಿಲ್ಲದಿರುವುದೇ. ಕಣ್ಣಿನ ಒಳಗೋಡೆಗೆ ಹೊದಿಸಿದಂತಿರುವ ಅಕ್ಷಿಪಟಲ, ಅಂದರೆ ರೆಟಿನಾ, ಬೆಳಕನ್ನು ಗ್ರಹಿಸುವ ನರಪದರ. ಅದರಲ್ಲಿ ನೋವನ್ನು ತಿಳಿಸುವ ನರತಂತುಗಳಿಲ್ಲ. ಅದು ಹರಿದರೂ, ಕಳಚಿಕೊಂಡರೂ, ರಕ್ತ ಸಿಗದೆ ಸಾಯುತ್ತಿದ್ದರೂ ನಮಗೆ ತಿಳಿಯುವುದು ನೋಟದ ಬದಲಾವಣೆಯಿಂದ ಮಾತ್ರ.

ಇಂಥ ಪರದೆಗೆ ಮುಖ್ಯವಾಗಿ ಎರಡು ಕಾರಣಗಳಿರುತ್ತವೆ. ಒಂದು, ಅಕ್ಷಿಪಟಲ ತನ್ನ ಹಿಂಬದಿಯ ಪದರದಿಂದ ಕಳಚಿಕೊಳ್ಳುವುದು. ಇನ್ನೊಂದು, ಅದಕ್ಕೆ ರಕ್ತ ತರುವ ಅಪಧಮನಿ ಮುಚ್ಚಿಹೋಗುವುದು. ಮೊದಲನೆಯದರಲ್ಲಿ ಕೈಯಲ್ಲಿರುವುದು ಕೆಲವು ಗಂಟೆಗಳಿಂದ ಒಂದೆರಡು ದಿನ. ಎರಡನೆಯದರಲ್ಲಿ ಕೆಲವೇ ಗಂಟೆಗಳು, ಅದೂ ಮಿದುಳಿನ ಪಾರ್ಶ್ವವಾಯುವಿನಷ್ಟೇ ತುರ್ತಾಗಿ. ಎರಡಕ್ಕೂ ಹೋಗಬೇಕಾದ ಆಸ್ಪತ್ರೆಯ ವಿಭಾಗ ಒಂದೇ ಅಲ್ಲ. ಆದ್ದರಿಂದ ಪರದೆಯ ಸ್ವಭಾವವನ್ನು ಎರಡು ಮೂರು ನಿಮಿಷಗಳಲ್ಲಿ ಗಮನಿಸುವುದು ಮೊದಲ ಕೆಲಸ. ಅದಕ್ಕಿಂತ ಹೆಚ್ಚಿನ ಪರೀಕ್ಷೆಯನ್ನು ಮನೆಯಲ್ಲಿ ಮಾಡುತ್ತ ಕೂರಬಾರದು.

ಮೊದಲ ಹೆಜ್ಜೆ: ಒಂದೊಂದೇ ಕಣ್ಣನ್ನು ಮುಚ್ಚಿ ನೋಡಿ

ಗಡಿಯಾರ ನೋಡಿ ಸಮಯವನ್ನು ಬರೆದುಕೊಳ್ಳಿ. ಆಮೇಲೆ ಅಂಗೈಯಿಂದ ಎಡಗಣ್ಣನ್ನು ಮುಚ್ಚಿ, ಎದುರಿನ ಬಾಗಿಲಿನ ಚೌಕಟ್ಟಿನ ನಡುವೆ ಯಾವುದಾದರೂ ಒಂದು ಗುರುತನ್ನು ಆರಿಸಿ, ಬಲಗಣ್ಣನ್ನು ಅಲ್ಲಿಯೇ ನೆಟ್ಟು ನೋಡಿ. ಕಣ್ಣನ್ನು ಆಡಿಸದೆ ಚೌಕಟ್ಟಿನ ನಾಲ್ಕೂ ಮೂಲೆಗಳು ಕಾಣುತ್ತವೆಯೇ ಎಂದು ಗಮನಿಸಿ. ಹಾಗೆಯೇ ಇನ್ನೊಂದು ಕಣ್ಣಿಗೂ ಮಾಡಿ. ಅಂಗೈ ಕಣ್ಣನ್ನು ಮುಚ್ಚಿದರೆ ಸಾಕು, ಒತ್ತಬಾರದು.

ಕಣ್ಣು ಮುಚ್ಚಿ ನೋಡದಿದ್ದರೆ ತಪ್ಪು ತಿಳಿವಳಿಕೆಗೆ ಅವಕಾಶವಿದೆ. ಎರಡೂ ಕಣ್ಣು ತೆರೆದಿರುವಾಗ ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ತುಂಬಿಕೊಡುವುದರಿಂದ ಪರದೆ ಎಷ್ಟು ದೊಡ್ಡದೆಂಬುದು ತಿಳಿಯುವುದಿಲ್ಲ. ಇದಕ್ಕೆ ವಿರುದ್ಧವಾದ ಪ್ರಸಂಗವೂ ಉಂಟು: ಮಿದುಳಿನ ಹಿಂಭಾಗದಲ್ಲಿ ಪಾರ್ಶ್ವವಾಯು ಆದವರಿಗೆ ಎರಡೂ ಕಣ್ಣುಗಳಲ್ಲಿ ಒಂದೇ ಬದಿಯ ನೋಟ ಹೋಗಿರುತ್ತದೆ, ಆದರೆ ಅವರು "ನನ್ನ ಬಲಗಣ್ಣು ಹೋಯಿತು" ಎನ್ನುತ್ತಾರೆ. ಒಂದೊಂದೇ ಕಣ್ಣನ್ನು ಮುಚ್ಚಿದಾಗ ಎರಡರಲ್ಲೂ ಒಂದೇ ಬದಿ ಕಾಣದಿದ್ದರೆ ತೊಂದರೆ ಇರುವುದು ಕಣ್ಣಿನಲ್ಲಲ್ಲ, ಮಿದುಳಿನಲ್ಲಿ. ಆಗ ನೇರವಾಗಿ ಪಾರ್ಶ್ವವಾಯು ಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಬೇಕು. ಮೈಗ್ರೇನ್‌ನ ಮುನ್ಸೂಚನೆಯಾಗಿ ಕಾಣುವ ಹೊಳೆಯುವ ಅಂಕುಡೊಂಕು ಗೆರೆಗಳೂ ಸಾಮಾನ್ಯವಾಗಿ ಎರಡೂ ಕಣ್ಣುಗಳಲ್ಲಿ ಕಾಣಿಸಿ, ನಿಧಾನವಾಗಿ ಹಬ್ಬಿ, ಒಂದು ಗಂಟೆಯೊಳಗೆ ಮಾಯವಾಗುತ್ತವೆ. ಆದರೆ ಬದುಕಿನಲ್ಲಿ ಮೊದಲ ಬಾರಿಗೆ ಹಾಗಾದರೆ ಅದನ್ನು ಮೈಗ್ರೇನ್ ಎಂದು ನಾವೇ ತೀರ್ಮಾನಿಸಬಾರದು.

ಎರಡನೆಯ ಹೆಜ್ಜೆ: ಪರದೆ ಹೇಗೆ ಬಂತು ಎಂಬುದನ್ನು ಗುರುತಿಸಿ

ವೈದ್ಯರಿಗೆ ಅತ್ಯಂತ ಉಪಯೋಗಕ್ಕೆ ಬರುವ ಮಾಹಿತಿ ಪರದೆಯ ವೇಗ. ಒಂದು ಕಣ್ಣಿನ ಪೂರ್ತಿ ನೋಟ, ಅಥವಾ ಅದರ ಮೇಲರ್ಧ ಇಲ್ಲವೇ ಕೆಳಗರ್ಧ, ಕ್ಷಣಗಳಲ್ಲಿ ಹೋಗಿದ್ದರೆ ರಕ್ತನಾಳ ಮುಚ್ಚಿದೆ ಎಂದು ಮೊದಲು ಶಂಕಿಸಬೇಕು. ಒಂದು ಮೂಲೆಯಲ್ಲಿ ಶುರುವಾದ ನೆರಳು ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ನಡುಭಾಗದ ಕಡೆಗೆ ಸರಿಯುತ್ತಿದ್ದರೆ, ಅದರಲ್ಲೂ ಅದಕ್ಕೆ ಮುಂಚೆ ಕತ್ತಲಲ್ಲಿ ಕಣ್ಣಂಚಿಗೆ ಮಿಂಚಿದಂತಾಗಿ, ಕಪ್ಪು ಚುಕ್ಕೆಗಳೋ ಮಸಿ ಎರಚಿದಂಥ ಕಣಗಳೋ ತೇಲಾಡಿದ್ದರೆ, ಅಕ್ಷಿಪಟಲ ಕಳಚಿರುವ ಸಾಧ್ಯತೆ ಹೆಚ್ಚು. ಮಧುಮೇಹ ಇರುವವರಲ್ಲಿ ಇದ್ದಕ್ಕಿದ್ದಂತೆ ಹೊಗೆ ಕವಿದಂತೆ ಅಥವಾ ಕೆಂಪು-ಕಪ್ಪು ಎಳೆಗಳು ಇಳಿದಂತೆ ಕಂಡರೆ ಕಣ್ಣಿನೊಳಗೆ ರಕ್ತಸ್ರಾವವಾಗಿರಬಹುದು. ಆ ರಕ್ತದ ಹಿಂದೆ ಹರಿದ ಅಕ್ಷಿಪಟಲ ಅಡಗಿರಬಹುದಾದ್ದರಿಂದ ಅದನ್ನೂ ಅದೇ ದಿನ ತೋರಿಸಬೇಕು.

ಇಷ್ಟರಿಂದ ರೋಗ ನಿರ್ಣಯವಾಗುವುದಿಲ್ಲ. ಎಲ್ಲಿಗೆ ಓಡಬೇಕು ಎಂಬುದು ಮಾತ್ರ ತೀರ್ಮಾನವಾಗುತ್ತದೆ. ಯಾವುದೆಂದು ತಿಳಿಯದಿದ್ದರೆ ಹೆಚ್ಚು ತುರ್ತಿನದೆಂದು ಭಾವಿಸಿ, ದೊಡ್ಡ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗುವುದೇ ಸರಿ.

ಕ್ಷಣಗಳಲ್ಲಿ ಕತ್ತಲಾದರೆ: ಪಾರ್ಶ್ವವಾಯುವಿನ ದಾರಿ

ಅಕ್ಷಿಪಟಲದ ಒಳಪದರಗಳಿಗೆ ರಕ್ತ ತಲುಪಿಸುವುದು ಕೇಂದ್ರ ಅಪಧಮನಿ ಎಂಬ ಸಣ್ಣ ರಕ್ತನಾಳ. ಕುತ್ತಿಗೆಯ ದೊಡ್ಡ ಅಪಧಮನಿಯಲ್ಲಿ ಕಟ್ಟಿಕೊಂಡ ಕೊಬ್ಬಿನ ಚೂರೋ, ಲಯ ತಪ್ಪಿದ ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತವೋ ತೇಲಿ ಬಂದು ಅಲ್ಲಿ ಸಿಕ್ಕಿಕೊಂಡರೆ ಕಣ್ಣು ಆ ಕ್ಷಣವೇ ಕತ್ತಲಾಗುತ್ತದೆ. ಮಂಗಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ರಕ್ತ ಪೂರ್ತಿ ನಿಂತು ಸುಮಾರು ನಾಲ್ಕು ಗಂಟೆ ಕಳೆದಾಗ ಅಕ್ಷಿಪಟಲಕ್ಕೆ ಸರಿಪಡಿಸಲಾಗದ ಭಾರೀ ಹಾನಿಯಾಗಿರುವುದು ಕಂಡುಬಂದಿದೆ. ಅಮೆರಿಕದ ಹಾರ್ಟ್ ಅಸೋಸಿಯೇಷನ್ 2021ರಲ್ಲಿ ಪ್ರಕಟಿಸಿದ ವೈಜ್ಞಾನಿಕ ಹೇಳಿಕೆಯಲ್ಲಿ ಇದನ್ನು ಪಾರ್ಶ್ವವಾಯುವಿನ ಒಂದು ರೂಪವೆಂದೇ ಪರಿಗಣಿಸಿ, ಅಷ್ಟೇ ತುರ್ತಾಗಿ ನೋಡಬೇಕೆಂದು ತಿಳಿಸಿದೆ. ರಕ್ತದ ಹೆಪ್ಪನ್ನು ಕರಗಿಸುವ ಔಷಧವನ್ನು ಕೆಲವು ಕೇಂದ್ರಗಳಲ್ಲಿ, ಆಯ್ದ ರೋಗಿಗಳಿಗೆ, ನೋಟ ಹೋದ ನಾಲ್ಕೂವರೆ ಗಂಟೆಯೊಳಗೆ ಕೊಡುವುದನ್ನು ಪರಿಶೀಲಿಸುತ್ತಾರೆ. ಈ ಚಿಕಿತ್ಸೆಯಿಂದ ನೋಟ ಮರಳುವುದು ಖಚಿತವಲ್ಲ. ಆದರೆ ತಡವಾಗಿ ಬಂದವರಿಗೆ ಆ ಅವಕಾಶವೂ ಉಳಿಯುವುದಿಲ್ಲ.

ಇದಕ್ಕಿಂತ ಹೆಚ್ಚು ಮೋಸ ಮಾಡುವುದು ತಾನಾಗಿಯೇ ಸರಿಹೋಗುವ ಕತ್ತಲು. ಪರದೆ ಮೇಲಿನಿಂದ ಇಳಿದು, ಐದು ಹತ್ತು ನಿಮಿಷ ಹಾಗೆಯೇ ಇದ್ದು, ಮತ್ತೆ ಮೇಲೇರಿ ನೋಟ ಪೂರ್ತಿ ಮರಳಿದಾಗ ಮನೆಯವರೆಲ್ಲ ನಿಟ್ಟುಸಿರು ಬಿಡುತ್ತಾರೆ. ನಿಜಕ್ಕೂ ಆಗಿರುವುದೇನೆಂದರೆ ಒಂದು ಚೂರು ಬಂದು ಸಿಕ್ಕಿ, ಒಡೆದು ಮುಂದೆ ಸಾಗಿದೆ. ಮುಂದಿನ ಚೂರು ಮಿದುಳಿಗೆ ಹೋಗಬಹುದು. ಇಂಥ ಘಟನೆಯ ನಂತರ ಪಾರ್ಶ್ವವಾಯು ಆಗುವ ಅಪಾಯ ಮೊದಲ ಕೆಲವು ದಿನಗಳಲ್ಲಿ, ಅದರಲ್ಲೂ ಮೊದಲ 48 ಗಂಟೆಗಳಲ್ಲಿ ಅತಿ ಹೆಚ್ಚು. ಆದ್ದರಿಂದ ನೋಟ ಮರಳಿದ್ದರೂ ಅದೇ ದಿನ ತುರ್ತು ವಿಭಾಗಕ್ಕೆ ಹೋಗಬೇಕು. ಅಲ್ಲಿ ಮಿದುಳಿನ ಸ್ಕ್ಯಾನ್, ಕುತ್ತಿಗೆಯ ರಕ್ತನಾಳಗಳ ಪರೀಕ್ಷೆ, ಇಸಿಜಿ ಮಾಡಿ, ಕಾರಣಕ್ಕೆ ತಕ್ಕ ಔಷಧವನ್ನು ಶುರುಮಾಡುತ್ತಾರೆ. ಮಾತು ತೊದಲುವುದು, ಮುಖ ಸೊಟ್ಟಗಾಗುವುದು, ಕೈಕಾಲು ಬಲ ಕಳೆದುಕೊಳ್ಳುವುದು ಇವುಗಳಲ್ಲಿ ಯಾವುದಾದರೂ ಜೊತೆಗಿದ್ದರೆ ಸ್ವಂತ ವಾಹನದ ಯೋಚನೆಯನ್ನೇ ಬಿಟ್ಟು ಆಂಬುಲೆನ್ಸ್ ಕರೆಯಬೇಕು.

ಐವತ್ತು ದಾಟಿದವರಲ್ಲಿ ಇನ್ನೊಂದು ಕಾರಣವನ್ನು ಮರೆಯುವಂತಿಲ್ಲ. ಕೆಲವು ವಾರಗಳಿಂದ ಕಣತಲೆ ನೋವು, ತಲೆ ಬಾಚುವಾಗ ನೆತ್ತಿ ಮುಟ್ಟಿದರೆ ನೋವು, ಅಗಿಯುತ್ತಿದ್ದಂತೆ ದವಡೆ ಸೋತು ನೋಯುವುದು, ಕಾರಣವಿಲ್ಲದ ಜ್ವರ ಅಥವಾ ತೂಕ ಇಳಿತ ಇದ್ದು, ಈಗ ಒಂದು ಕಣ್ಣು ಮಂಜಾಗಿದ್ದರೆ ಅದು ಅಪಧಮನಿಗಳ ಉರಿಯೂತವಿರಬಹುದು. ಇದರಲ್ಲಿ ಒಂದು ಕಣ್ಣು ಹೋದ ಕೆಲವೇ ದಿನಗಳಲ್ಲಿ ಇನ್ನೊಂದೂ ಹೋಗಬಹುದು. ಇಎಸ್‌ಆರ್ ಮತ್ತು ಸಿಆರ್‌ಪಿ ಎಂಬ ರಕ್ತಪರೀಕ್ಷೆಗಳು ಇದರ ಸುಳಿವು ಕೊಡುತ್ತವೆ. ಶಂಕೆ ಬಲವಾಗಿದ್ದರೆ ಬಯಾಪ್ಸಿಗೆ ಕಾಯದೆ ಸ್ಟೀರಾಯ್ಡ್ ಶುರುಮಾಡುತ್ತಾರೆ. ದವಡೆ ನೋವಿಗೂ ಕಣ್ಣಿಗೂ ಸಂಬಂಧವಿದೆ ಎಂದು ರೋಗಿಗೆ ಹೊಳೆಯುವುದಿಲ್ಲವಾದ್ದರಿಂದ ಈ ಲಕ್ಷಣಗಳನ್ನು ಕೇಳದಿದ್ದರೂ ತಾವಾಗಿಯೇ ಹೇಳಬೇಕು.

ನೆರಳು ಸರಿಯುತ್ತಿದ್ದರೆ: ಅಕ್ಷಿಪಟಲದ ದಾರಿ

ಕಣ್ಣಿನೊಳಗೆ ತುಂಬಿರುವ ಪಾರದರ್ಶಕ ಲೋಳೆ ವಯಸ್ಸಾದಂತೆ ನೀರಾಗಿ ಕುಗ್ಗಿ, ಅಕ್ಷಿಪಟಲದಿಂದ ಬಿಡಿಸಿಕೊಳ್ಳುತ್ತದೆ. ಬಿಡಿಸಿಕೊಳ್ಳುವಾಗ ಅದು ಅಕ್ಷಿಪಟಲವನ್ನು ಎಳೆದರೆ, ಬೆಳಕಿಲ್ಲದಿದ್ದರೂ ಮಿಂಚು ಕಾಣುತ್ತದೆ. ಹೆಚ್ಚಿನವರಲ್ಲಿ ಇದು ಇಷ್ಟಕ್ಕೇ ಮುಗಿಯುತ್ತದೆ. ಕೆಲವರಲ್ಲಿ ಲೋಳೆ ಗಟ್ಟಿಯಾಗಿ ಅಂಟಿದ್ದ ಕಡೆ ಅಕ್ಷಿಪಟಲವೇ ಹರಿಯುತ್ತದೆ; ಆಗ ಸೋರಿದ ರಕ್ತ ಮತ್ತು ಬಣ್ಣದ ಕಣಗಳು ಚುಕ್ಕೆಗಳಾಗಿ ತೇಲುತ್ತವೆ. ಆ ಹರಿದ ಬಾಯಿಯ ಮೂಲಕ ನೀರಾದ ಲೋಳೆ ಹಿಂದಕ್ಕೆ ನುಸುಳಿ, ತೇವ ಹೊಕ್ಕ ಗೋಡೆಯಿಂದ ಕಾಗದ ಬಿಟ್ಟುಕೊಳ್ಳುವಂತೆ ಅಕ್ಷಿಪಟಲವನ್ನು ಕಳಚುತ್ತ ಹೋಗುತ್ತದೆ. ಕಳಚಿದ ಭಾಗಕ್ಕೆ ಹಿಂಬದಿಯಿಂದ ಬರುತ್ತಿದ್ದ ಆಮ್ಲಜನಕ ಮತ್ತು ಪೋಷಣೆ ತಪ್ಪುವುದರಿಂದ ಅಲ್ಲಿನ ಬೆಳಕು ಗ್ರಹಿಸುವ ಕೋಶಗಳು ಸೊರಗುತ್ತವೆ. ಹೆಚ್ಚಿನ ಸಮೀಪದೃಷ್ಟಿ ಇರುವವರು, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದವರು, ಕಣ್ಣಿಗೆ ಪೆಟ್ಟು ಬಿದ್ದವರು, ಮನೆತನದಲ್ಲಿ ಅಥವಾ ಇನ್ನೊಂದು ಕಣ್ಣಿನಲ್ಲಿ ಈಗಾಗಲೇ ಹೀಗಾಗಿರುವವರು ಇದಕ್ಕೆ ಹೆಚ್ಚಾಗಿ ತುತ್ತಾಗುತ್ತಾರೆ.

ಗಂಟೆಗಳ ಲೆಕ್ಕ ಏಕೆ ಬರುತ್ತದೆ ಎಂಬುದು ಮ್ಯಾಕ್ಯುಲಾ ಎಂಬ ನಡುಭಾಗದಿಂದ ತಿಳಿಯುತ್ತದೆ. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲವೂ ಕೆಲವೇ ಮಿಲಿಮೀಟರ್ ಅಗಲದ ಆ ಜಾಗದ ಕೆಲಸ. ಅದು ಇನ್ನೂ ಅಂಟಿಕೊಂಡಿರುವಾಗಲೇ ಶಸ್ತ್ರಚಿಕಿತ್ಸೆಯಾದರೆ ಮೊದಲಿನ ಸ್ಪಷ್ಟ ನೋಟ ಉಳಿಯುವ ಸಾಧ್ಯತೆ ತುಂಬ ಹೆಚ್ಚು. ಅದು ಕಳಚಿದ ಮೇಲೆ ಅಕ್ಷಿಪಟಲವನ್ನು ಎಷ್ಟೇ ಚೆನ್ನಾಗಿ ಕೂರಿಸಿದರೂ ಅಕ್ಷರಗಳು ಡೊಂಕಾಗಿ ಕಾಣುವುದು, ನೋಟ ಮಸುಕಾಗಿಯೇ ಉಳಿಯುವುದು ಸಾಮಾನ್ಯ. ಹೀಗಾಗಿ ಮ್ಯಾಕ್ಯುಲಾ ಉಳಿದಿರುವ ರೋಗಿಗೆ ಶಸ್ತ್ರವೈದ್ಯರು ಸಾಧ್ಯವಾದರೆ ಒಂದು ದಿನದೊಳಗೆ ಶಸ್ತ್ರಚಿಕಿತ್ಸೆ ಮಾಡಲು ಯತ್ನಿಸುತ್ತಾರೆ. ಈಗಷ್ಟೇ ಕಳಚಿದ್ದರೂ ಮೊದಲ ಕೆಲವು ದಿನಗಳೊಳಗೆ ಮಾಡಿದರೆ ಫಲ ಉತ್ತಮ. ನಡುನೋಟ ಹೋಗಿಬಿಟ್ಟಿದೆ, ಇನ್ನು ಅವಸರವೇನು ಎಂಬ ಮಾತು ಆದ್ದರಿಂದ ತಪ್ಪು.

ನೆರಳಿನ ದಿಕ್ಕು ಇಲ್ಲಿ ಬಹಳ ಹೇಳುತ್ತದೆ. ಅಕ್ಷಿಪಟಲದ ಮೇಲೆ ಚಿತ್ರ ತಲೆಕೆಳಗಾಗಿ ಬೀಳುವುದರಿಂದ, ನೆರಳು ಕೆಳಗಿನಿಂದ ಏರುತ್ತಿದ್ದರೆ ಕಳಚಿರುವುದು ಅಕ್ಷಿಪಟಲದ ಮೇಲ್ಭಾಗ. ಅಲ್ಲಿ ಸೇರಿದ ದ್ರವ ತನ್ನ ಭಾರಕ್ಕೆ ಕೆಳಗಿಳಿಯುತ್ತ ಮ್ಯಾಕ್ಯುಲಾವನ್ನು ಬೇಗ ತಲುಪುತ್ತದೆ, ಕೆಲವೊಮ್ಮೆ ಗಂಟೆಗಳಲ್ಲಿ. ನೆರಳು ಮೇಲಿನಿಂದ ಇಳಿಯುತ್ತಿದ್ದರೆ ಕಳಚಿರುವುದು ಕೆಳಭಾಗ, ಅದು ಸಾಮಾನ್ಯವಾಗಿ ನಿಧಾನವಾಗಿ ಹರಡುತ್ತದೆ. ಎರಡಕ್ಕೂ ಆಸ್ಪತ್ರೆಗೆ ಅದೇ ದಿನ ಹೋಗಬೇಕು, ಆದರೆ ಕೆಳಗಿನಿಂದ ಏರುವ ನೆರಳನ್ನು ಕಂಡವರು ರಾತ್ರಿಯನ್ನೂ ಕಳೆಯಬಾರದು.

ಒಂದು ಉದಾಹರಣೆ

ಐವತ್ತೆಂಟು ವರ್ಷದ, ಮೈನಸ್ ಏಳು ಪವರ್‌ನ ಕನ್ನಡಕ ಹಾಕುವ ವ್ಯಕ್ತಿಯೊಬ್ಬರನ್ನು ಊಹಿಸಿಕೊಳ್ಳೋಣ. ಶುಕ್ರವಾರ ರಾತ್ರಿ ದೀಪ ಆರಿಸಿದಾಗ ಅವರ ಬಲಗಣ್ಣಿನ ಹೊರ ಅಂಚಿನಲ್ಲಿ ಕಮಾನಿನಂಥ ಮಿಂಚು ಕಾಣುತ್ತದೆ. ಶನಿವಾರ ಬೆಳಿಗ್ಗೆ ಅದೇ ಕಣ್ಣಿನಲ್ಲಿ ಹತ್ತಾರು ಕಪ್ಪು ಚುಕ್ಕೆಗಳು ತೇಲುತ್ತವೆ. ಅಂದೇ ಕಣ್ಣಿನ ವೈದ್ಯರನ್ನು ಕಂಡಿದ್ದರೆ ಅವರು ಪಾಪೆ ಹಿಗ್ಗಿಸಿ ನೋಡಿ, ಹರಿದ ಜಾಗದ ಸುತ್ತ ಲೇಸರ್ ಹಾಕಿ ಕಳುಹಿಸಬಹುದಿತ್ತು. ಅದಕ್ಕೆ ಹಿಡಿಯುವುದು ಕೆಲವೇ ನಿಮಿಷ. ಆದರೆ ಅವರು ಸೋಮವಾರ ನೋಡೋಣ ಎಂದುಕೊಳ್ಳುತ್ತಾರೆ. ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ, ಎಡಗಣ್ಣು ಮುಚ್ಚಿದಾಗ, ಬಲಗಣ್ಣಿನ ನೋಟದಲ್ಲಿ ಮೂಗಿನ ಬದಿಯ ಕೆಳಮೂಲೆಯಲ್ಲಿ ಬೂದು ನೆರಳು ಕಾಣುತ್ತದೆ. ಅಂದರೆ ಹರಿದಿರುವುದು ಕಿವಿಯ ಬದಿಯ ಮೇಲ್ಭಾಗದಲ್ಲಿ. ಕಳಚುವಿಕೆ ಹೆಚ್ಚಾಗಿ ಶುರುವಾಗುವ ಜಾಗವೂ ಅದೇ. ಪುಸ್ತಕದ ಸಣ್ಣ ಅಕ್ಷರಗಳು ಆ ಕಣ್ಣಿಗೆ ಇನ್ನೂ ಸ್ಪಷ್ಟವಾಗಿವೆ, ಅಂದರೆ ಮ್ಯಾಕ್ಯುಲಾ ಉಳಿದಿದೆ. ಈಗ ಹೊರಟು ಸಂಜೆಯೊಳಗೆ ಅಕ್ಷಿಪಟಲ ತಜ್ಞರ ಕೈ ಸೇರಿದರೆ ರಾತ್ರಿಯೋ ಮರುದಿನವೋ ಶಸ್ತ್ರಚಿಕಿತ್ಸೆಯಾಗಿ ಓದುವ ನೋಟ ಉಳಿಯಬಹುದು. ಸೋಮವಾರದವರೆಗೆ ಕಾದರೆ ಬೆಳಿಗ್ಗೆ ಎದ್ದಾಗ ಎದುರಿಗಿರುವವರ ಮುಖವೇ ಆ ಕಣ್ಣಿಗೆ ಕಾಣದಿರಬಹುದು.

ಮೂರನೆಯ ಹೆಜ್ಜೆ: ಎಲ್ಲಿಗೆ, ಹೇಗೆ ಹೋಗಬೇಕು, ಏನು ಹೇಳಬೇಕು

ಕನ್ನಡಕದ ಅಂಗಡಿಯಲ್ಲಿ ಅಥವಾ ಸಾಮಾನ್ಯ ಚಿಕಿತ್ಸಾಲಯದಲ್ಲಿ ಟಾರ್ಚ್ ಹಾಕಿ ನೋಡಿದರೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ, ಏಕೆಂದರೆ ತೊಂದರೆ ಇರುವುದು ಹಿಂಭಾಗದಲ್ಲಿ. ಸರಿಯುವ ನೆರಳಿಗೆ ಅಕ್ಷಿಪಟಲ ತಜ್ಞರಿರುವ ಕಣ್ಣಾಸ್ಪತ್ರೆಯೇ ಬೇಕು. ಹೊರಡುವಾಗಲೇ ಫೋನ್ ಮಾಡಿ, ಈಗ ತಜ್ಞರು ಸಿಗುತ್ತಾರೆಯೇ, ರಜಾದಿನದಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತಾರೆಯೇ ಎಂದು ಕೇಳಿ. ಸಿಗದಿದ್ದರೆ ಇನ್ನೊಂದು ಆಸ್ಪತ್ರೆಗೆ ಮಾಡಿ. ಅಪಾಯಿಂಟ್‌ಮೆಂಟ್ ಕೇಳಿದರೆ ಮುಂದಿನ ವಾರದ ದಿನ ಸಿಕ್ಕೀತು, ಆದ್ದರಿಂದ ಮಾತು ಹೀಗಿರಲಿ: "ಇಂದು ಮಧ್ಯಾಹ್ನ ಎರಡು ಗಂಟೆಯಿಂದ ಬಲಗಣ್ಣಿಗೆ ಕೆಳಗಿನಿಂದ ಕಪ್ಪು ನೆರಳು ಏರುತ್ತಿದೆ. ನೋವಿಲ್ಲ. ಎರಡು ದಿನದ ಹಿಂದೆ ಮಿಂಚು ಕಂಡಿತ್ತು. ನೇರ ನೋಟ ಇನ್ನೂ ಇದೆ." ಈ ಕೊನೆಯ ವಾಕ್ಯವೇ ವೈದ್ಯರನ್ನು ಅವಸರಪಡಿಸುವಂಥದ್ದು.

ವಾಹನವನ್ನು ನೀವು ಓಡಿಸಬೇಡಿ. ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಮತ್ತೆ ಹಲವು ಗಂಟೆ ನೋಟ ಮಂಜಾಗಿಯೇ ಇರುತ್ತದೆ. ಕೊನೆಯದಾಗಿ ಊಟ ಮಾಡಿದ ಸಮಯವನ್ನು ನೆನಪಿಟ್ಟುಕೊಳ್ಳಿ, ಏಕೆಂದರೆ ಅಂದೇ ಅರಿವಳಿಕೆ ಕೊಡಬೇಕಾದರೆ ಅದನ್ನು ಕೇಳುತ್ತಾರೆ. ತಿನ್ನಬಹುದೇ ಎಂದು ಫೋನಿನಲ್ಲಿಯೇ ಕೇಳುವುದು ಒಳ್ಳೆಯದು. ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ತಮ್ಮಷ್ಟಕ್ಕೆ ಉಪವಾಸ ಕೂರಬಾರದು. ಸೇವಿಸುತ್ತಿರುವ ಎಲ್ಲ ಔಷಧಗಳನ್ನೂ, ಮುಖ್ಯವಾಗಿ ರಕ್ತ ತೆಳುಮಾಡುವ ಮಾತ್ರೆಗಳನ್ನು, ಜೊತೆಗೆ ಒಯ್ಯಿರಿ. ಅವನ್ನು ನೀವಾಗಿ ನಿಲ್ಲಿಸಬೇಡಿ, ಹೊಸದಾಗಿ ಆಸ್ಪಿರಿನ್ ನುಂಗಲೂಬೇಡಿ: ಒಂದು ಕಾರಣಕ್ಕೆ ಅದು ಬೇಕಾಗಬಹುದು, ಇನ್ನೊಂದಕ್ಕೆ ಅದರಿಂದ ಕೇಡಾಗಬಹುದು, ಯಾವುದೆಂದು ಪರೀಕ್ಷೆಯಾಗದೆ ತಿಳಿಯದು. ಕಣ್ಣನ್ನು ಉಜ್ಜುವುದು, ಒತ್ತುವುದು, ಮನೆಯಲ್ಲಿರುವ ಯಾವುದೋ ಹನಿ ಹಾಕುವುದು ಬೇಡ. ದಾರಿಯುದ್ದಕ್ಕೂ ಯಾವ ಮಗ್ಗುಲಿಗೆ ಮಲಗಬೇಕು ಎಂಬುದು ಹರಿದ ಜಾಗವನ್ನು ಅವಲಂಬಿಸಿರುವುದರಿಂದ ಅದನ್ನು ತಜ್ಞರೇ ಹೇಳಬೇಕು.

ಪರದೆ ಇನ್ನೂ ಬಂದಿಲ್ಲ, ಹೊಸದಾಗಿ ಮಿಂಚು ಮತ್ತು ಚುಕ್ಕೆಗಳು ಮಾತ್ರ ಇವೆ ಎಂದಾದರೂ 24 ಗಂಟೆಯೊಳಗೆ ಪಾಪೆ ಹಿಗ್ಗಿಸಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಹರಿದಿಲ್ಲ ಎಂದು ಹೇಳಿದರೂ ಕೆಲವು ವಾರಗಳ ನಂತರದ ಮರುಪರೀಕ್ಷೆಯನ್ನು ತಪ್ಪಿಸಬಾರದು; ಲೋಳೆ ಪೂರ್ತಿ ಬಿಡಿಸಿಕೊಳ್ಳುವವರೆಗೆ ಹೊಸದಾಗಿ ಹರಿಯಬಹುದು.

ಆಸ್ಪತ್ರೆಯಲ್ಲಿ ಏನಾಗುತ್ತದೆ

ಮೊದಲು ಒಂದೊಂದೇ ಕಣ್ಣಿನ ನೋಟದ ಪ್ರಮಾಣ ಅಳೆದು, ಹನಿ ಹಾಕುವ ಮುಂಚೆಯೇ ಎರಡೂ ಪಾಪೆಗಳು ಬೆಳಕಿಗೆ ಹೇಗೆ ಕುಗ್ಗುತ್ತವೆ ಎಂದು ನೋಡುತ್ತಾರೆ. ಆಮೇಲೆ ತಲೆಗೆ ಕಟ್ಟಿಕೊಂಡ ದೀಪ ಮತ್ತು ಕೈಯಲ್ಲಿ ಹಿಡಿದ ಮಸೂರದಿಂದ ಅಕ್ಷಿಪಟಲದ ತೀರ ಅಂಚಿನವರೆಗೆ ಪರೀಕ್ಷಿಸುತ್ತಾರೆ. ಆಗ ಕಣ್ಣನ್ನು ಹೊರಗಿನಿಂದ ಸ್ವಲ್ಪ ಅದುಮುವುದುಂಟು, ಅದು ಅಹಿತವಾದರೂ ಅಂಚಿನಲ್ಲಿ ಹರಿದ ಜಾಗವನ್ನು ಕಾಣಲು ಬೇಕೇ ಬೇಕು. ಒಳಗೆ ರಕ್ತ ತುಂಬಿ ಏನೂ ಕಾಣದಿದ್ದರೆ ಅಲ್ಟ್ರಾಸೌಂಡ್ ಮಾಡುತ್ತಾರೆ. ಮ್ಯಾಕ್ಯುಲಾ ಕಳಚಿದೆಯೇ ಎಂಬ ಅನುಮಾನವನ್ನು ಅಕ್ಷಿಪಟಲದ ಪದರಗಳನ್ನು ತೋರಿಸುವ ಒಸಿಟಿ ಸ್ಕ್ಯಾನ್ ಬಗೆಹರಿಸುತ್ತದೆ.

ಬರೀ ಹರಿದಿದ್ದರೆ ಲೇಸರ್ ಅಥವಾ ಅತಿಶೀತ ಚಿಕಿತ್ಸೆ ಸಾಕಾಗಬಹುದು. ಆ ಬೆಸುಗೆ ಗಟ್ಟಿಯಾಗಲು ಸುಮಾರು ಎರಡು ವಾರ ಬೇಕು, ಅಲ್ಲಿಯವರೆಗೆ ನೆರಳು ಕಂಡರೆ ಮತ್ತೆ ಓಡಿಬರಬೇಕು. ಕಳಚಿದ್ದರೆ ಲೋಳೆಯನ್ನು ತೆಗೆದು ಅನಿಲದ ಗುಳ್ಳೆ ಅಥವಾ ಸಿಲಿಕೋನ್ ಎಣ್ಣೆ ತುಂಬುವುದು, ಇಲ್ಲವೇ ಕಣ್ಣಿನ ಹೊರಗೋಡೆಗೆ ಸಿಲಿಕೋನ್ ಪಟ್ಟಿ ಹೊಲಿಯುವುದು ಮುಖ್ಯ ವಿಧಾನಗಳು. ಯಾವುದು ಎಂಬುದು ಹರಿದ ಜಾಗ, ವಯಸ್ಸು, ಹಿಂದೆ ಪೊರೆಯ ಶಸ್ತ್ರಚಿಕಿತ್ಸೆ ಆಗಿದೆಯೇ ಎಂಬುದರ ಮೇಲೆ ನಿಂತಿದೆ. ಸುಮಾರು ಹತ್ತರಲ್ಲಿ ಒಂಬತ್ತು ಜನರಿಗೆ ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಅಕ್ಷಿಪಟಲ ಕೂರುತ್ತದೆ, ಉಳಿದವರಿಗೆ ಇನ್ನೊಮ್ಮೆ ಬೇಕಾಗುತ್ತದೆ.

ಅನಿಲ ತುಂಬಿದವರು ವೈದ್ಯರು ಹೇಳಿದ ಭಂಗಿಯಲ್ಲಿಯೇ ತಲೆ ಇಟ್ಟುಕೊಳ್ಳಬೇಕು, ಏಕೆಂದರೆ ಗುಳ್ಳೆ ಮೇಲಕ್ಕೇರಿ ಹರಿದ ಜಾಗವನ್ನು ಒತ್ತಿ ಹಿಡಿಯುವುದೇ ಅದರ ಕೆಲಸ. ಅನಿಲದ ಬಗೆಗೆ ತಕ್ಕಂತೆ ಗುಳ್ಳೆ ಎರಡು ವಾರದಿಂದ ಎರಡು ತಿಂಗಳವರೆಗೆ ಉಳಿಯುತ್ತದೆ, ಅದು ಪೂರ್ತಿ ಕರಗುವವರೆಗೆ ವಿಮಾನ ಪ್ರಯಾಣ ಮಾಡಬಾರದು, ಎತ್ತರದ ಬೆಟ್ಟದ ಪ್ರದೇಶಗಳಿಗೆ ಹೋಗಬಾರದು. ಗಾಳಿಯ ಒತ್ತಡ ಕಡಿಮೆಯಾದಾಗ ಗುಳ್ಳೆ ಹಿಗ್ಗಿ ಕಣ್ಣಿನ ಒತ್ತಡ ಏರುತ್ತದೆ, ಅಕ್ಷಿಪಟಲಕ್ಕೆ ಹೋಗುವ ರಕ್ತವೇ ನಿಲ್ಲಬಹುದು. ಆ ಅವಧಿಯಲ್ಲಿ ಬೇರೆ ಕಾರಣಕ್ಕೆ ಶಸ್ತ್ರಚಿಕಿತ್ಸೆ ಅಥವಾ ಹಲ್ಲಿನ ಚಿಕಿತ್ಸೆ ಬೇಕಾದರೆ ಕಣ್ಣಿನಲ್ಲಿ ಅನಿಲವಿದೆ ಎಂದು ಮೊದಲೇ ತಿಳಿಸಬೇಕು, ನೈಟ್ರಸ್ ಆಕ್ಸೈಡ್ ಕೊಟ್ಟರೂ ಗುಳ್ಳೆ ಹಾಗೆಯೇ ಹಿಗ್ಗುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಕಣ್ಣಿನಲ್ಲಿ ತೀವ್ರ ನೋವು, ವಾಂತಿ ಅಥವಾ ಹೊಸ ನೆರಳು ಕಂಡರೆ ಮುಂದಿನ ಭೇಟಿಯ ದಿನಾಂಕಕ್ಕೆ ಕಾಯದೆ ಅದೇ ಗಳಿಗೆ ಆಸ್ಪತ್ರೆಗೆ ಫೋನ್ ಮಾಡಬೇಕು. ಇನ್ನೊಂದು ಕಣ್ಣಿನ ಅಂಚುಗಳನ್ನೂ ಪರೀಕ್ಷಿಸಿದ್ದಾರೆಯೇ ಎಂದು ಬಿಡುಗಡೆಗೆ ಮುಂಚೆ ಕೇಳಿ. ಅಲ್ಲಿಯೂ ಹರಿದಿದ್ದರೆ ಅದಕ್ಕೆ ಲೇಸರ್ ಹಾಕಿಸಿಕೊಳ್ಳಲು ಅದೇ ಸಮಯ.